ಟೈರಿನ ಗಾಳಿ ಮತ್ತು ಸುಳ್ಳು ಸೊನ್ನೆ

ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ 32 ಪಿಎಸ್‌ಐ ಗಾಳಿ ಹಾಕಿಸಿದಿರಿ ಅಂದುಕೊಳ್ಳಿ. ಆಗ ಟೈರಿನೊಳಗಿನ ಗಾಳಿಯ ತಾಪಮಾನ 27 ಡಿಗ್ರಿ ಸೆಲ್ಸಿಯಸ್. ಬಿಸಿಲೇರಿ, ಹೆದ್ದಾರಿಯ ಮೇಲೆ ಒಂದಷ್ಟು ಹೊತ್ತು ಓಡಿದ ಮೇಲೆ ಅದೇ ಗಾಳಿ 57 ಡಿಗ್ರಿಗೆ ಬಂದಿದೆ. ಈಗ ಗೇಜ್ ಹಚ್ಚಿದರೆ ಎಷ್ಟು ತೋರಿಸುತ್ತದೆ?

ಪಿಯುಸಿ ಪ್ರಶ್ನೆಪತ್ರಿಕೆಯಲ್ಲಿ ಬರುವಂಥದ್ದೇ ಲೆಕ್ಕ ಇದು. ಟೈರು ಹಿಗ್ಗುವುದು ಬಹಳ ಕಡಿಮೆ, ಹಾಗಾಗಿ ಗಾತ್ರ ಬದಲಾಗಲಿಲ್ಲ ಎಂದಿಟ್ಟುಕೊಳ್ಳೋಣ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ತಾಪಮಾನಕ್ಕೆ ನೇರ ಅನುಪಾತದಲ್ಲಿರುತ್ತದೆ. ನಿಯಮ ಇಷ್ಟೇ. ಕೊಟ್ಟ ಸಂಖ್ಯೆಗಳನ್ನು ಹಾಗೆಯೇ ತೆಗೆದು ಸೂತ್ರಕ್ಕೆ ಹಾಕಿದರೆ 32 × 57 ÷ 27, ಅಂದರೆ ಸುಮಾರು 67.6 ಪಿಎಸ್‌ಐ. ಈ ಉತ್ತರ ನಿಜವಾಗಿದ್ದರೆ ಬೇಸಿಗೆಯಲ್ಲಿ ಯಾವ ಕಾರೂ ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ನೆಮ್ಮದಿಯಾಗಿ ಹೋಗುತ್ತಿರಲಿಲ್ಲ. ಗಾಡಿ ಓಡಿಸುವ ಯಾರಿಗೇ ತೋರಿಸಿದರೂ ಇದು ತಪ್ಪು ಎಂದು ಥಟ್ಟನೆ ಹೇಳುತ್ತಾರೆ.

ತಪ್ಪು ಎಲ್ಲಿದೆ ಎಂಬುದು ಹೆಚ್ಚಿನ ವಿದ್ಯಾರ್ಥಿಗಳಿಗೆ ಗೊತ್ತು. ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ಬದಲಿಸಬೇಕು, 273 ಕೂಡಿಸಬೇಕು. 27 ಡಿಗ್ರಿ 300 ಕೆಲ್ವಿನ್ ಆಗುತ್ತದೆ, 57 ಡಿಗ್ರಿ 330 ಕೆಲ್ವಿನ್ ಆಗುತ್ತದೆ. ಈಗ 32 × 330 ÷ 300 = 35.2 ಪಿಎಸ್‌ಐ. ಉತ್ತರ ನಂಬುವಂತಿದೆ. ಆದರೆ ಇದೂ ತಪ್ಪೇ. ನನ್ನ ಮಟ್ಟಿಗೆ 67.6ಕ್ಕಿಂತ ಇದೇ ಹೆಚ್ಚು ಅಪಾಯದ ಉತ್ತರ, ಏಕೆಂದರೆ ನೋಡಿದರೆ ಅನುಮಾನ ಬರುವುದಿಲ್ಲ.

ಇಲ್ಲಿ ಕೈಕೊಟ್ಟದ್ದು ಗೇಜ್. ಪೂರ್ತಿ ಪಂಕ್ಚರ್ ಆದ ಟೈರಿಗೆ ಗೇಜ್ ಹಚ್ಚಿದರೆ ಅದು ಸೊನ್ನೆ ತೋರಿಸುತ್ತದೆ. ಆ ಟೈರಿನೊಳಗೆ ಗಾಳಿಯೇ ಇಲ್ಲವೇ? ಇದೆ, ಹೊರಗಿನ ವಾತಾವರಣದಲ್ಲಿರುವ ಒತ್ತಡದಲ್ಲೇ ಇದೆ. ಸಮುದ್ರ ಮಟ್ಟದಲ್ಲಿ ಆ ಒತ್ತಡ 14.7 ಪಿಎಸ್‌ಐ. ಗೇಜ್ ತೋರಿಸುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಹಾಗಾಗಿ ಬೆಳಿಗ್ಗೆ ಟೈರಿನೊಳಗಿದ್ದ ನಿಜವಾದ ಒತ್ತಡ 32 ಅಲ್ಲ, 32 + 14.7 = 46.7 ಪಿಎಸ್‌ಐ. ಅದನ್ನು 330 ÷ 300, ಅಂದರೆ 1.1ರಿಂದ ಗುಣಿಸಿದರೆ 51.4 ಬರುತ್ತದೆ. ಗೇಜಿನ ಓದು ಬೇಕಾದ್ದರಿಂದ ಮತ್ತೆ 14.7 ಕಳೆಯಬೇಕು. ಉತ್ತರ 36.7 ಪಿಎಸ್‌ಐ. ಮೂವತ್ತು ಡಿಗ್ರಿ ಏರಿಕೆಗೆ 4.7 ಪಿಎಸ್‌ಐ, ಅಂದರೆ ಹೆಚ್ಚುಕಡಿಮೆ ಆರು ಡಿಗ್ರಿಗೊಂದು ಪಿಎಸ್‌ಐ. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುವುದು ಇದಕ್ಕೇ. ಬಿಸಿ ಟೈರಿನಲ್ಲಿ 36 ಕಂಡು, ಜಾಸ್ತಿಯಾಯಿತೆಂದು ಗಾಳಿ ಬಿಟ್ಟರೆ, ಮರುದಿನ ಬೆಳಿಗ್ಗೆ ಟೈರು ಮೆತ್ತಗಾಗಿರುತ್ತದೆ.

ಮೊದಲು ತಾಪಮಾನಕ್ಕೆ 273 ಕೂಡಿಸಿದೆವು, ಆಮೇಲೆ ಒತ್ತಡಕ್ಕೆ 14.7. ಇವೆರಡೂ ಬೇರೆ ಬೇರೆ ನಿಯಮಗಳಂತೆ ಕಂಡರೂ ಕಾರಣ ಒಂದೇ. ಕಾಂಪೌಂಡ್ ಗೋಡೆಯ ಆಚೆ ಎರಡು ತೆಂಗಿನ ಮರಗಳಿವೆ ಎನ್ನಿ. ಗೋಡೆಯ ಮೇಲೆ ಒಂದು ಎರಡು ಅಡಿ ಕಾಣುತ್ತದೆ, ಇನ್ನೊಂದು ನಾಲ್ಕು ಅಡಿ. ಎರಡನೆಯದು ಎರಡು ಅಡಿ ಹೆಚ್ಚು ಎತ್ತರ ಎಂದರೆ ಸರಿ. ಎರಡು ಪಟ್ಟು ಎತ್ತರ ಎಂದರೆ ತಪ್ಪು. ಪಟ್ಟು ಹೇಳಬೇಕಾದರೆ ಬುಡದಿಂದ ಅಳೆಯಬೇಕು. ಅನಿಲ ನಿಯಮಗಳು ಹೇಳುವುದೆಲ್ಲ ಪಟ್ಟಿನ ಮಾತು. ತಾಪಮಾನ ಎಷ್ಟು ಪಟ್ಟಾಯಿತೋ ಒತ್ತಡವೂ ಅಷ್ಟು ಪಟ್ಟು, ಒತ್ತಡ ಎರಡು ಪಟ್ಟಾದರೆ ಗಾತ್ರ ಅರ್ಧ. ಸೆಲ್ಸಿಯಸ್‌ನ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಬಿಂದು, ಗೇಜಿನ ಸೊನ್ನೆ ಎಂದರೆ ಹೊರಗಿನ ವಾತಾವರಣ. ಎರಡೂ ಗೋಡೆಯ ತುದಿಗಳು, ಬುಡವಲ್ಲ.

ತಾಪಮಾನದ ಬುಡ ಎಲ್ಲಿದೆ ಎಂದು ತಿಳಿದದ್ದು ಅನಿಲಗಳನ್ನು ಅಳೆದೇ. ಫ್ರಾನ್ಸಿನ ಜಾಕ್ ಚಾರ್ಲ್ಸ್ 1783ರಲ್ಲಿ ಪ್ಯಾರಿಸ್ಸಿನಿಂದ ಹೈಡ್ರೋಜನ್ ಬಲೂನು ಹಾರಿಸಿದವನು. ಬಿಸಿಯಾದಾಗ ಅನಿಲಗಳು ಹಿಗ್ಗುವ ರೀತಿಯನ್ನು ಅವನು ಗಮನಿಸಿದ್ದರೂ ಪ್ರಕಟಿಸಲಿಲ್ಲ. 1802ರಲ್ಲಿ ಗೇ-ಲುಸಾಕ್ ಅದನ್ನು ಅಳತೆಗಳ ಸಮೇತ ಮುಂದಿಟ್ಟ. ಒತ್ತಡ ಬದಲಾಗದಿದ್ದರೆ, ಅನಿಲ ಯಾವುದೇ ಇರಲಿ, ಒಂದೊಂದು ಡಿಗ್ರಿಗೂ ಅದು ಸೊನ್ನೆ ಡಿಗ್ರಿಯಲ್ಲಿದ್ದ ತನ್ನ ಗಾತ್ರದ ಸುಮಾರು 266ನೇ ಒಂದು ಭಾಗದಷ್ಟು ಹಿಗ್ಗುತ್ತದೆ ಎಂದು ಅವನಿಗೆ ಕಂಡಿತ್ತು. ಮುಂದೆ ಇನ್ನೂ ಎಚ್ಚರದಿಂದ ಅಳೆದಾಗ ಆ ಸಂಖ್ಯೆ 273ಕ್ಕೆ ಬಂದು ನಿಂತಿತು. ಒಂದೊಂದು ಡಿಗ್ರಿ ತಣಿದಾಗಲೂ 273ರಲ್ಲಿ ಒಂದು ಭಾಗ ಕುಗ್ಗುತ್ತಾ ಹೋದರೆ ಮೈನಸ್ 273 ಡಿಗ್ರಿಯಲ್ಲಿ ಗಾತ್ರ ಸೊನ್ನೆಯಾಗಬೇಕು. ನಿಜವಾದ ಯಾವ ಅನಿಲವೂ ಅಲ್ಲಿಯವರೆಗೆ ಅನಿಲವಾಗಿ ಉಳಿಯುವುದಿಲ್ಲ, ಆಮ್ಲಜನಕ ಮೈನಸ್ 183ರಲ್ಲೇ ದ್ರವವಾಗುತ್ತದೆ. ಆದರೂ ಗ್ರಾಫಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಎಲ್ಲ ಅನಿಲಗಳ ಗೆರೆಗಳೂ ಅದೇ ಬಿಂದುವಿಗೆ ಬಂದು ಸೇರುತ್ತವೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1848ರಲ್ಲಿ ನಿರಪೇಕ್ಷ ತಾಪಮಾನದ ಮಾಪಕವನ್ನು ಸೂಚಿಸಿದ. ಇಂದಿನ ಕೆಲ್ವಿನ್ ಎಣಿಕೆ ಆ ಬಿಂದುವಿನಿಂದಲೇ ಶುರು. ಸರಿಯಾದ ಸಂಖ್ಯೆ 273.15, ಪರೀಕ್ಷೆಯ ಲೆಕ್ಕಕ್ಕೆ 273 ಸಾಕು.

ಬುಡ ಬಿಟ್ಟು ಗೋಡೆಯಿಂದ ಅಳೆದಾಗ ಲೆಕ್ಕ ಎಷ್ಟು ಕೆಡಬಹುದು ಎಂಬುದಕ್ಕೆ ಹವಾಮಾನ ಬಲೂನಿನ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ನೆಲದ ಮೇಲೆ 27 ಡಿಗ್ರಿಯಲ್ಲಿ, 1000 ಹೆಕ್ಟೊಪಾಸ್ಕಲ್ ಒತ್ತಡದಲ್ಲಿ 2 ಘನ ಮೀಟರ್ ಇದ್ದ ಬಲೂನು ಹದಿನಾರು ಕಿಲೋಮೀಟರ್ ಆಸುಪಾಸಿಗೆ ಏರಿದೆ. ಅಲ್ಲಿ ಒತ್ತಡ 100 ಹೆಕ್ಟೊಪಾಸ್ಕಲ್, ತಾಪಮಾನ ಮೈನಸ್ 73 ಡಿಗ್ರಿ ಎಂದುಕೊಳ್ಳೋಣ. ಮೂರೂ ಅಳತೆಗಳು ಬದಲಾಗುವ ಕಡೆ ಬಳಸುವ ಸೂತ್ರ ಇದು:

P₁V₁/T₁ = P₂V₂/T₂

ಒತ್ತಡ ಹತ್ತನೇ ಒಂದಾದ್ದರಿಂದ ಗಾತ್ರ ಹತ್ತು ಪಟ್ಟು, ತಾಪಮಾನ 300ರಿಂದ 200 ಕೆಲ್ವಿನ್‌ಗೆ ಇಳಿದದ್ದರಿಂದ ಅದರ ಮೂರರಲ್ಲಿ ಎರಡು ಭಾಗ. ಒಟ್ಟು 13.3 ಘನ ಮೀಟರ್. ಸೆಲ್ಸಿಯಸ್ಸಿನಲ್ಲೇ ಮಾಡಿದ್ದರೆ ಮೈನಸ್ 54 ಘನ ಮೀಟರ್ ಬರುತ್ತಿತ್ತು. ಗಾತ್ರ ಎಂದೂ ಮೈನಸ್ ಆಗುವುದಿಲ್ಲ, ಹಾಗಾಗಿ ಉತ್ತರವೇ ತಪ್ಪನ್ನು ಹೇಳಿಬಿಡುತ್ತದೆ.

ಈ ಲೆಕ್ಕದಲ್ಲಿ ಹೆಕ್ಟೊಪಾಸ್ಕಲ್ಲನ್ನು ಪಾಸ್ಕಲ್‌ಗೆ ಬದಲಿಸಲೇ ಇಲ್ಲ. ಬದಲಿಸುವ ಅಗತ್ಯವೂ ಇರಲಿಲ್ಲ. ಪಾಸ್ಕಲ್, ಪಿಎಸ್‌ಐ, ಪಾದರಸದ ಮಿಲಿಮೀಟರ್ ಇವೆಲ್ಲದರ ಸೊನ್ನೆ ಒಂದೇ, ಹೆಜ್ಜೆಯ ಉದ್ದ ಮಾತ್ರ ಬೇರೆ. ಲೀಟರ್ ಮತ್ತು ಮಿಲಿಲೀಟರ್ ಕೂಡ ಹಾಗೆಯೇ. ಇವುಗಳನ್ನು ಬದಲಿಸುವುದು ಗುಣಾಕಾರದಿಂದ, ಆ ಗುಣಕ ಸಮೀಕರಣದ ಎರಡೂ ಬದಿಯಲ್ಲಿ ಬಂದು ಹೊಡೆದುಹೋಗುತ್ತದೆ. 740 ಮಿಲಿಮೀಟರ್ ಪಾದರಸದಿಂದ 760ಕ್ಕೆ ಹೋಗುವ ಲೆಕ್ಕದಲ್ಲಿ ಎರಡನ್ನೂ ಪಾಸ್ಕಲ್‌ಗೆ ಬದಲಿಸುತ್ತಾ ಕೂರುವುದು ವ್ಯರ್ಥ ಶ್ರಮ, ಅಲ್ಲೇ ತಪ್ಪೂ ನುಸುಳುತ್ತದೆ. ಒಂದು ಬದಿಯಲ್ಲಿ 740 ಮಿಲಿಮೀಟರ್, ಇನ್ನೊಂದು ಬದಿಯಲ್ಲಿ 1 ಅಟ್ಮಾಸ್ಫಿಯರ್ ಎಂದಿದ್ದರೆ ಮಾತ್ರ ಒಂದನ್ನು ಬದಲಿಸಿ ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಕೂಡಿಸಿ ಬದಲಿಸುವ ಮಾನ ಹೀಗೆ ಹೊಡೆದುಹೋಗುವುದಿಲ್ಲ. 273 ಆಗಲಿ, ವಾತಾವರಣದ ಒತ್ತಡವಾಗಲಿ ಪ್ರತಿಸಲವೂ ಸೇರಲೇಬೇಕು.

PV = nRT ಬಂದಾಗ ಈ ರಿಯಾಯಿತಿ ಇರುವುದಿಲ್ಲ. ಅಲ್ಲಿ R ತನ್ನ ಮಾನಗಳನ್ನು ಹೊತ್ತುಕೊಂಡೇ ಬರುತ್ತದೆ, ಉಳಿದವರು ಅದಕ್ಕೆ ಹೊಂದಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಕಾಣುವ ಎತ್ತರದ ಆಮ್ಲಜನಕ ಸಿಲಿಂಡರನ್ನೇ ತೆಗೆದುಕೊಳ್ಳಿ. ಡಿ-ಟೈಪ್ ಎನ್ನುವ ಆ ಸಿಲಿಂಡರಿನ ಒಳಗಾತ್ರ 46.7 ಲೀಟರ್, ತುಂಬಿದಾಗ ಒತ್ತಡ ಸುಮಾರು 150 ಬಾರ್. 27 ಡಿಗ್ರಿಯಲ್ಲಿ ಅದರೊಳಗೆ ಎಷ್ಟು ಆಮ್ಲಜನಕವಿದೆ? R = 8.314 ಎಂದು ಬಾಯಿಪಾಠವಾಗಿರುವುದರಿಂದ ಕೈ ತಾನಾಗಿ 150 × 46.7 ÷ (8.314 × 300) ಎಂದು ಬರೆಯುತ್ತದೆ. 2.81 ಮೋಲ್ ಬರುತ್ತದೆ. ಒಂದು ಮೋಲ್ ಆಮ್ಲಜನಕ 32 ಗ್ರಾಂ, ಹಾಗಾಗಿ ಒಟ್ಟು 90 ಗ್ರಾಂ. ಒಬ್ಬರೇ ಎತ್ತಲಾಗದ ಉಕ್ಕಿನ ಸಿಲಿಂಡರಿನಲ್ಲಿ 90 ಗ್ರಾಂ ತುಂಬಿ ಯಾರೂ ಊರಿಂದೂರಿಗೆ ಸಾಗಿಸುವುದಿಲ್ಲ.

8.314 ಎಂಬ R ಕೇಳುವುದು ಪಾಸ್ಕಲ್ ಮತ್ತು ಘನ ಮೀಟರ್. 150 ಬಾರ್ ಎಂದರೆ 150 ಲಕ್ಷ ಪಾಸ್ಕಲ್, 46.7 ಲೀಟರ್ ಎಂದರೆ 0.0467 ಘನ ಮೀಟರ್. ಎರಡರ ಗುಣಲಬ್ಧ 7,00,500. ಅದನ್ನು 2494ರಿಂದ ಭಾಗಿಸಿದರೆ ಸುಮಾರು 281 ಮೋಲ್, ಅಂದರೆ 9 ಕಿಲೋಗ್ರಾಂ. ಬಾರ್ ಮತ್ತು ಲೀಟರನ್ನೇ ಇಟ್ಟುಕೊಳ್ಳುವ ಆಸೆಯಿದ್ದರೆ R ಅನ್ನು 0.0831 ಎಂದು ತೆಗೆದುಕೊಳ್ಳಬೇಕು, ಅಟ್ಮಾಸ್ಫಿಯರ್ ಮತ್ತು ಲೀಟರಿಗೆ 0.0821. ಉತ್ತರ ಸರಿಯಾಗಿ ನೂರು ಪಟ್ಟು ಅಥವಾ ಸಾವಿರ ಪಟ್ಟು ತಪ್ಪಿದರೆ ಮೊದಲು ಅನುಮಾನಿಸಬೇಕಾದದ್ದು R ಜೊತೆಗಿನ ಈ ಹೊಂದಾಣಿಕೆಯನ್ನೇ.

ಗೇಜಿನ ಓದಿಗೆ ಇಲ್ಲಿ 1 ಬಾರ್ ಕೂಡಿಸಲಿಲ್ಲವಲ್ಲ ಎಂದು ಕೇಳಬಹುದು. ಕೂಡಿಸಿದರೆ 151, ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಇಷ್ಟು ಒತ್ತಡದಲ್ಲಿ ಆಮ್ಲಜನಕ ಆದರ್ಶ ಅನಿಲದಂತೆ ವರ್ತಿಸದೆ ಉಂಟಾಗುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ಟೈರಿನಲ್ಲಾದರೋ 32ಕ್ಕೆ 14.7 ಎಂದರೆ ಅರ್ಧದಷ್ಟು, ಬಿಡುವ ಹಾಗೇ ಇಲ್ಲ. ಇನ್ನೊಂದು ಸಂದರ್ಭದಲ್ಲಿ ಕೂಡಿಸದಿರುವುದೇ ಸರಿ. ಸಿಲಿಂಡರಿನ ಗೇಜ್ 50 ಬಾರ್ ತೋರಿಸುತ್ತಿದೆ, ರೋಗಿಗೆ ನಿಮಿಷಕ್ಕೆ 5 ಲೀಟರ್ ಹೋಗುತ್ತಿದೆ, ಎಷ್ಟು ಹೊತ್ತು ಬರುತ್ತದೆ ಎಂದು ನರ್ಸ್ ಲೆಕ್ಕ ಹಾಕುತ್ತಾರೆ ಎನ್ನಿ. 50 × 46.7 = 2335 ಲೀಟರ್, ಅಂದರೆ 467 ನಿಮಿಷ, ಎಂಟು ಗಂಟೆಗೆ ತುಸು ಕಡಿಮೆ. ಗೇಜ್ ಸೊನ್ನೆಗೆ ಬಂದಾಗಲೂ ಸಿಲಿಂಡರಿನಲ್ಲಿ 46.7 ಲೀಟರ್ ಆಮ್ಲಜನಕ ಹೊರಗಿನ ಒತ್ತಡದಲ್ಲಿ ನಿಂತಿರುತ್ತದೆ. ಅದು ಹೊರಗೆ ಬರುವುದಿಲ್ಲವಾದ್ದರಿಂದ ಅದನ್ನು ಎಣಿಸಬಾರದು.

ಇದೇ ಲೆಕ್ಕವನ್ನು ಅಡುಗೆಮನೆಯ ಎಲ್‌ಪಿಜಿ ಸಿಲಿಂಡರಿಗೆ ಹಚ್ಚಿದರೆ ಮಾನಗಳನ್ನು ಎಷ್ಟೇ ಸರಿಯಾಗಿ ಬದಲಿಸಿದರೂ ಉತ್ತರ ಸಿಗುವುದಿಲ್ಲ. ಅದರೊಳಗಿನ 14.2 ಕಿಲೋಗ್ರಾಂನಲ್ಲಿ ಹೆಚ್ಚಿನದು ದ್ರವ. ಗ್ಯಾಸ್ ಉರಿದಷ್ಟೂ ದ್ರವ ಆವಿಯಾಗಿ ಜಾಗ ತುಂಬುತ್ತದೆ. ತಾಪಮಾನ ಒಂದೇ ಇದ್ದರೆ, ಸಿಲಿಂಡರ್ ತುಂಬಿದ್ದಾಗಲೂ ಕಾಲು ಭಾಗ ಉಳಿದಾಗಲೂ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದ್ರವ ಮುಗಿದ ಮೇಲಷ್ಟೇ ಅದು ಬೀಳತೊಡಗುತ್ತದೆ. ಅದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ತೂಕವನ್ನೇ ನೋಡಬೇಕು: ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕವನ್ನು ಈಗಿನ ತೂಕದಿಂದ ಕಳೆದರೆ ಉಳಿದದ್ದು ಗ್ಯಾಸ್.