ಕಾಲು ಪಾಲು ಬೆಲ್ಲ ಇಳಿಸಿದ ಹೋಳಿಗೆ

ಬೇಳೆ ಹೋಳಿಗೆಯ ಹೂರಣಕ್ಕೆ ಹಲವು ಮನೆಗಳಲ್ಲಿ ರೂಢಿಯಾಗಿರುವ ಅಳತೆ ಒಂದು ಪಾಲು ಬೇಳೆಗೆ ಒಂದು ಪಾಲು ಬೆಲ್ಲ. ಹಳೆ ಮೈಸೂರಿನ ಕಡೆ ತೊಗರಿಬೇಳೆ, ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆ ಹೆಚ್ಚು ಬಳಕೆಯಲ್ಲಿದ್ದರೂ ಬೆಲ್ಲದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಈ ಬೆಲ್ಲವನ್ನು ಕಾಲು ಪಾಲು ಇಳಿಸಬಹುದು. ಆದರೆ ಬೇರೆ ಯಾವುದನ್ನೂ ಬದಲಿಸದೆ ಬೆಲ್ಲವನ್ನಷ್ಟೇ ಕಡಿಮೆ ಹಾಕಿದರೆ ಹೂರಣ ಪುಡಿಪುಡಿಯಾಗುತ್ತದೆ, ಲಟ್ಟಿಸುವಾಗ ಹೋಳಿಗೆ ಹರಿಯುತ್ತದೆ.

ಹೂರಣದಲ್ಲಿ ಬೆಲ್ಲದ ಕೆಲಸ ಸಿಹಿ ಕೊಡುವುದಷ್ಟೇ ಅಲ್ಲ. ಬೆಂದ ಬೇಳೆಗೆ ಬೆಲ್ಲ ಬಿದ್ದ ಕೂಡಲೇ ಅದು ಬೇಳೆಯಲ್ಲಿರುವ ನೀರಿನಲ್ಲಿ ಕರಗಿ ಪಾಕವಾಗುತ್ತದೆ. ಗಟ್ಟಿಯಾಗಿದ್ದ ಬೇಳೆ ಒಮ್ಮೆಲೇ ನೀರಾಗುವುದು ಇದರಿಂದಲೇ. ಮುಂದೆ ಕಾಯಿಸುತ್ತ ಹೋದಂತೆ ನೀರು ಆವಿಯಾಗಿ, ಉಳಿದ ಪಾಕ ಬೇಳೆಯ ಕಣಕಣದ ಸುತ್ತ ಅಂಟಿಕೊಳ್ಳುತ್ತದೆ. ಪಾಕ ನೀರನ್ನು ಬಿಗಿಯಾಗಿ ಹಿಡಿದಿಡುವುದರಿಂದ ಹೂರಣ ಆರಿದ ಮೇಲೂ ಮೆತ್ತಗೆ ಇರುತ್ತದೆ. ಪಾಕ ಕಡಿಮೆಯಾದರೆ ಬೇಳೆಯ ಪಿಷ್ಟ ಆರುತ್ತಿದ್ದಂತೆ ಗಟ್ಟಿಯಾಗುತ್ತದೆ, ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಹೀಗಾಗಿ ಬೆಲ್ಲ ಇಳಿಸಿದಾಗ ಕಳೆದುಹೋಗುವ ಪಾಕದ ಜಾಗವನ್ನು ಬೇರೆ ಯಾವುದರಿಂದಲಾದರೂ ತುಂಬಬೇಕು. ಅದಕ್ಕೆ ಹೋಳಿಗೆಯ ಅಡುಗೆಯಲ್ಲೇ ಇರುವ ಎರಡು ವಸ್ತುಗಳು ಸಾಕು: ಬೇಳೆ ಬೇಯಿಸಿದ ಕಟ್ಟು ಮತ್ತು ಹಸಿ ತೆಂಗಿನಕಾಯಿ.

200 ಗ್ರಾಂ ಕಡಲೆಬೇಳೆಯ ಲೆಕ್ಕ ಹೀಗಿರುತ್ತದೆ. ರೂಢಿಯ 200 ಗ್ರಾಂ ಬೆಲ್ಲದ ಬದಲು 150 ಗ್ರಾಂ ಬೆಲ್ಲ, ನುಣ್ಣಗೆ ರುಬ್ಬಿದ ತೆಂಗಿನಕಾಯಿ 30 ಗ್ರಾಂ, ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು. ಬೇಳೆಯನ್ನು ಒಂದು ಗಂಟೆ ನೆನೆಸಿ ಬೇಯಿಸಬೇಕು. ಒಂದು ಕಾಳನ್ನು ಬೆರಳುಗಳ ನಡುವೆ ಹಿಸುಕಿದರೆ ಒಳಗೆ ಗಟ್ಟಿ ತಿರುಳು ಸಿಗದೆ ನುಣ್ಣಗಾಗಬೇಕು. ರೂಢಿಯ ಹೂರಣಕ್ಕಿಂತ ಇಲ್ಲಿ ಬೇಳೆ ತುಸು ಹೆಚ್ಚೇ ಬೆಂದಿರಬೇಕು, ಏಕೆಂದರೆ ತರಿತರಿಯನ್ನು ಮರೆಮಾಚುವಷ್ಟು ಪಾಕ ಇದರಲ್ಲಿ ಇರುವುದಿಲ್ಲ. ಬೇಯದ ಬೇಳೆಗೆ ಬೆಲ್ಲ ಹಾಕಿ ಆಮೇಲೆ ಬೇಯಿಸಿಕೊಳ್ಳಬಹುದೆಂದರೆ ಆಗುವುದಿಲ್ಲ. ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ.

ಬೆಂದ ಬೇಳೆಯನ್ನು ಬಸಿದು, ಸಾರಿಗೆ ಹೋಗುವ ಕಟ್ಟಿನಲ್ಲಿ ನಾಲ್ಕು ದೊಡ್ಡ ಚಮಚದಷ್ಟನ್ನು ಬೇರೆ ತೆಗೆದಿಡಬೇಕು. ಬೇಳೆಗೆ ಬೆಲ್ಲ, ತೆಂಗಿನಕಾಯಿ, ಎರಡು ಚಮಚ ಕಟ್ಟು ಸೇರಿಸಿ ಮಧ್ಯಮ ಉರಿಯಲ್ಲಿ ಕೈಬಿಡದೆ ಮಗುಚಬೇಕು. ತೆಂಗಿನಕಾಯಿಯಲ್ಲಿರುವ ಎಣ್ಣೆಯಂಶ ಮತ್ತು ತೇವ ಹೂರಣವನ್ನು ಮೃದುವಾಗಿ ಇಡುತ್ತವೆ.

ಕೆಡುವ ಸಾಧ್ಯತೆ ಹೆಚ್ಚಿರುವುದು ಈ ಹಂತದಲ್ಲೇ. ಪಾಕ ಕಡಿಮೆ ಇರುವುದರಿಂದ ಹೂರಣ ಎಂದಿಗಿಂತ ಬೇಗ ಗಟ್ಟಿಯಾಗುತ್ತದೆ. ಗಡಿಯಾರ ನೋಡಿಕೊಂಡು ಅಭ್ಯಾಸದಷ್ಟೇ ಹೊತ್ತು ಕಾಯಿಸಿದರೆ ಅದು ಒಣಗಿಹೋಗುತ್ತದೆ. ಸೌಟು ಎಳೆದಾಗ ಪಾತ್ರೆಯ ತಳ ಕಂಡು, ಹೂರಣ ನಿಧಾನವಾಗಿ ಮತ್ತೆ ಕೂಡಿಕೊಳ್ಳುವಾಗಲೇ ಒಂದು ಚಮಚದಷ್ಟನ್ನು ತಟ್ಟೆಗೆ ಹಾಕಿ ಪೂರ್ತಿ ಆರಲು ಬಿಟ್ಟು, ಒಲೆ ಆರಿಸಿ ಕಾಯಬೇಕು. ಆರಿದ ಹೂರಣವನ್ನು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿದಾಗ ಅಂಚು ಬಿರುಕು ಬಿಡದೆ ಚಪ್ಪಟೆಯಾದರೆ ಹದ ಬಂದಂತೆ. ಅಂಚು ಬಿರಿದರೆ ಒಣಗಿದೆ ಎಂದರ್ಥ. ಉಳಿದ ಕಟ್ಟನ್ನು ಒಂದೊಂದೇ ಚಮಚ ಬಿಸಿಮಾಡಿ ಸೇರಿಸಿ ಕಲಸಬೇಕು. ಕೈಗೆ ಮೆತ್ತಿದರೆ ಮತ್ತೆರಡು ನಿಮಿಷ ಒಲೆಯ ಮೇಲಿಡಬೇಕು. ಹದ ಬಂದ ಹೂರಣಕ್ಕೆ ಏಲಕ್ಕಿ, ಉಪ್ಪು ಬೆರೆಸಿ ಒರಳಿನಲ್ಲೋ ಮಿಕ್ಸಿಯಲ್ಲೋ ನೀರು ಹಾಕದೆ ನುಣ್ಣಗೆ ರುಬ್ಬಿಕೊಳ್ಳಬೇಕು.

ಕಣಕದ ಮೆತುವೂ ಹೂರಣಕ್ಕೆ ಹೊಂದಬೇಕು. ಮೈದಾ ಮತ್ತು ಚಿರೋಟಿ ರವೆ ಸೇರಿ 150 ಗ್ರಾಂ ಹಿಟ್ಟನ್ನು ಸಡಿಲವಾಗಿ ಕಲಸಿ, ಎಣ್ಣೆ ಹಾಕಿ ನಾದಿ, ಎರಡು ಗಂಟೆ ನೆನೆಯಲು ಬಿಟ್ಟರೆ ಎಳೆದಷ್ಟೂ ಹಿಗ್ಗುತ್ತದೆ. ಹೂರಣ ಕಣಕಕ್ಕಿಂತ ಗಟ್ಟಿಯಾಗಿದ್ದರೆ ಲಟ್ಟಿಸುವಾಗ ನಡುವೆಯೇ ಉಳಿದು ಅಂಚಿನವರೆಗೆ ಹರಡದು. ತೀರಾ ಮೆತ್ತಗಿದ್ದರೆ ಕಣಕವನ್ನು ಸೀಳಿಕೊಂಡು ಹೊರಬಂದು ಕಾವಲಿಯ ಮೇಲೆ ಸೀಯುತ್ತದೆ.

ಸಿಹಿ ಇಳಿದದ್ದು ನಾಲಿಗೆಗೆ ಹೆಚ್ಚು ತಿಳಿಯದಂತೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ಚಿಟಿಕೆ ಉಪ್ಪು ಸಿಹಿಯನ್ನು ಎತ್ತಿ ತೋರಿಸುತ್ತದೆ. ಬಿಸಿಯಾಗಿರುವಾಗ ಸಿಹಿ ಹೆಚ್ಚಾಗಿ ತಿಳಿಯುವುದರಿಂದ ಹೋಳಿಗೆಯನ್ನು ಕಾವಲಿಯಿಂದ ಇಳಿಸಿದ ಕೂಡಲೇ ಬಡಿಸುವುದು ಒಳ್ಳೆಯದು. ಬೆಲ್ಲವನ್ನು ಅರ್ಧಕ್ಕಿಳಿಸಿದರೆ ಮಾತ್ರ ಈ ಉಪಾಯಗಳು ಸಾಲುವುದಿಲ್ಲ. ಬೇಳೆಯ ಹಸಿ ವಾಸನೆ ಮೇಲೆ ಬಂದು ಹೂರಣ ಪಲ್ಯದಂತೆ ಅನಿಸುತ್ತದೆ. ಮೈಸೂರು ಪಾಕಿನಂಥ ತಿಂಡಿಗಳಲ್ಲಿ ಕಾಲು ಪಾಲು ಇಳಿಸುವುದೂ ಸುಲಭವಲ್ಲ, ಏಕೆಂದರೆ ಅಲ್ಲಿ ಪಾಕವೇ ತಿಂಡಿಯ ಚೌಕಟ್ಟು.

ಇಷ್ಟೆಲ್ಲ ಮಾಡಿದರೂ ರಕ್ತದ ಸಕ್ಕರೆಯ ಲೆಕ್ಕದಲ್ಲಿ ಸಿಗುವ ಲಾಭ ಎಷ್ಟೆಂದು ನೋಡಬೇಕು. ರೂಢಿಯ ಅಳತೆಯಲ್ಲಿ 12 ಹೋಳಿಗೆ ಮಾಡಿದರೆ ಒಂದರಲ್ಲಿ ಸುಮಾರು 17 ಗ್ರಾಂ ಬೆಲ್ಲ ಇರುತ್ತದೆ. ಬೇಳೆ ಮತ್ತು ಹಿಟ್ಟಿನ ಪಿಷ್ಟವೂ ಸೇರಿ ಒಂದು ಹೋಳಿಗೆಯ ಒಟ್ಟು ಶರ್ಕರಪಿಷ್ಟ ಸುಮಾರು 33 ಗ್ರಾಂ. ಬೆಲ್ಲವನ್ನು ಕಾಲು ಪಾಲು ಇಳಿಸಿದರೆ ಅದು ಸುಮಾರು 30 ಗ್ರಾಂ ಆಗುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಬೇಳೆಯೂ ಹಿಟ್ಟೂ ಹಾಗೆಯೇ ಉಳಿದಿರುವುದು ಇದಕ್ಕೆ ಕಾರಣ. ಅದೇ ಹೂರಣ, ಅದೇ ಕಣಕದಲ್ಲಿ 12ರ ಬದಲು 16 ಹೋಳಿಗೆ ಮಾಡಿದರೆ ಒಂದರ ಬೆಲ್ಲ 9 ಗ್ರಾಂ ಚಿಲ್ಲರೆಗೆ, ಒಟ್ಟು ಶರ್ಕರಪಿಷ್ಟ 22–23 ಗ್ರಾಂಗೆ ಇಳಿಯುತ್ತದೆ. ಬೆಲ್ಲ ಇಳಿಸುವುದಕ್ಕಿಂತ ಉಂಡೆ ಚಿಕ್ಕದು ಮಾಡುವುದರಿಂದ ಸಿಗುವ ಲಾಭವೇ ದೊಡ್ಡದು, ಆದರೆ ಎರಡು ಹಾಕಿಸಿಕೊಂಡರೆ ಆ ಲಾಭ ಉಳಿಯುವುದಿಲ್ಲ.

ಸಕ್ಕರೆ ಬೇಡ, ಬೆಲ್ಲವಾದರೆ ಪರವಾಗಿಲ್ಲ ಎಂಬ ನಂಬಿಕೆ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿದ್ದರೂ ಅದರ ಬಹುಪಾಲು ಸಕ್ಕರೆಯೇ, ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಮೇಲೆ ಹಾಕುವ ತುಪ್ಪ ಈ ಏರಿಕೆಯನ್ನು ತುಸು ತಡವಾಗಿಸಬಹುದು, ಇಲ್ಲವಾಗಿಸುವುದಿಲ್ಲ. ಹೋಳಿಗೆ ಎಲೆಗೆ ಬಿದ್ದ ದಿನ ಚಿತ್ರಾನ್ನ, ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆ ಬಡಿಸಿ ಕೋಸಂಬರಿ, ಪಲ್ಯವನ್ನು ಹೆಚ್ಚಿಸಿದರೆ ಊಟದ ಒಟ್ಟು ಲೆಕ್ಕ ಸರಿಹೊಂದುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟ ಶುರುಮಾಡಿದ ಎರಡು ಗಂಟೆಯ ಮೇಲೆ ಪರೀಕ್ಷಿಸಿ, ಆ ಅಳತೆಯ ಹೋಳಿಗೆ ಆ ವ್ಯಕ್ತಿಗೆ ಎಷ್ಟು ಹೊಂದುತ್ತದೆಂದು ತಿಳಿಯಬಹುದು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ತಿನ್ನಬಹುದೆಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಕೊನೆಗೆ ಕಾಪಿಡುವ ವಿಷಯ. ಹೆಚ್ಚು ಬೆಲ್ಲ ಹೂರಣದ ನೀರನ್ನು ಹಿಡಿದಿಟ್ಟು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ. ಬೆಲ್ಲ ಇಳಿಸಿ ಕಟ್ಟು, ತೆಂಗಿನಕಾಯಿ ಸೇರಿಸಿದ ಹೂರಣಕ್ಕೆ ಆ ರಕ್ಷಣೆ ಕಡಿಮೆ. ಅದನ್ನು ಮಾಡಿದ ದಿನವೇ ಬಳಸಬೇಕು, ಉಳಿದರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸಬೇಕು. ಮುಟ್ಟಿದರೆ ಲೋಳೆಯಾಗಿ ಎಳೆ ಬಂದರೆ ಅಥವಾ ಹುಳಿ ವಾಸನೆ ಹೊಡೆದರೆ ಅದು ಕೆಟ್ಟಿದೆ ಎಂದೇ ಅರ್ಥ.