ಮಂಜುಗಡ್ಡೆಯೊಳಗಿನ ಬಯಲು

ಡಿಸೆಂಬರ್ ಚಳಿಯಲ್ಲಿ ಅರ್ಧ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನೋಡಿ. ಬೆಳ್ಳನೆಯ ಗಟ್ಟಿ ಭಾಗ ತಳದಲ್ಲಿ ಕೂತಿರುತ್ತದೆ, ತಿಳಿ ಎಣ್ಣೆ ಅದರ ಮೇಲೆ ನಿಂತಿರುತ್ತದೆ. ತುಪ್ಪವೂ ಹೀಗೆಯೇ, ಮೇಣವೂ ಹೀಗೆಯೇ. ಕರಗಿದ ಸೀಸಕ್ಕೆ ಸೀಸದ ತುಂಡು ಹಾಕಿದರೆ ಅದೂ ಮುಳುಗುತ್ತದೆ. ದ್ರವ ತಣಿದು ಗಟ್ಟಿಯಾಗುವಾಗ ಅದರ ಕಣಗಳು ಒತ್ತೊತ್ತಾಗಿ ಕೂರುವುದರಿಂದ ಅಷ್ಟೇ ತೂಕಕ್ಕೆ ಕಡಿಮೆ ಜಾಗ ಸಾಕಾಗುತ್ತದೆ. ಬಹುಪಾಲು ವಸ್ತುಗಳ ರೀತಿ ಇದು. ನೀರಿನದು ಇದಕ್ಕೆ ತದ್ವಿರುದ್ಧ. ಒಂದು ಲೀಟರ್ ನೀರು ಹೆಪ್ಪುಗಟ್ಟಿದರೆ ಸುಮಾರು 1.09 ಲೀಟರ್ ಮಂಜುಗಡ್ಡೆಯಾಗುತ್ತದೆ. ಬಾಯಿತನಕ ನೀರು ತುಂಬಿಸಿ ಫ್ರೀಜರಿನಲ್ಲಿಟ್ಟ ಗಾಜಿನ ಬಾಟಲಿಯನ್ನು ಒಡೆಯುವುದು ಈ ಹೆಚ್ಚುವರಿ 90 ಮಿಲಿಲೀಟರ್.

ಮಂಜುಗಡ್ಡೆಯೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ತೇಲುತ್ತದೆ ಎಂದು ಹಲವರು ಹೇಳುತ್ತಾರೆ. ಫ್ರಿಜ್ಜಿನ ಐಸ್ ತುಂಡಿನ ನಡುವೆ ಕಾಣುವ ಬಿಳಿ ಮಬ್ಬು ಗಾಳಿಯ ಗುಳ್ಳೆಗಳದೇ, ನಿಜ. ಆದರೆ ಒಂದೇ ಒಂದು ಗುಳ್ಳೆಯಿಲ್ಲದ, ಗಾಜಿನಷ್ಟು ಸ್ವಚ್ಛವಾದ ಮಂಜುಗಡ್ಡೆಯೂ ತೇಲುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.917 ಗ್ರಾಂ, ಅದೇ ಉಷ್ಣತೆಯ ನೀರಿನದು ಬಹುತೇಕ ಸರಿಯಾಗಿ 1 ಗ್ರಾಂ. ಒಳಗೆ ಖಾಲಿ ಜಾಗ ಇರುವುದಂತೂ ಹೌದು, ಆದರೆ ಅದರಲ್ಲಿ ಗಾಳಿಯಿಲ್ಲ, ಏನೂ ಇಲ್ಲ. ಅಣುಗಳು ಕೂತಿರುವ ಕ್ರಮವೇ ಆ ಜಾಗವನ್ನು ಬಿಟ್ಟುಕೊಂಡಿದೆ.

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್ ಪರಮಾಣುವಿಗೆ ಎರಡು ಹೈಡ್ರೋಜನ್ ಪರಮಾಣುಗಳು ಅಂಟಿಕೊಂಡಿರುತ್ತವೆ. ಮೂರೂ ಒಂದೇ ಗೆರೆಯಲ್ಲಿಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಸೆಳೆದುಕೊಳ್ಳುವುದರಿಂದ ಹೈಡ್ರೋಜನ್ನಿನ ತುದಿಗಳು ಸ್ವಲ್ಪ ಧನ ವಿದ್ಯುದಂಶ ಪಡೆಯುತ್ತವೆ. ಆಕ್ಸಿಜನ್ನಿನ ಇನ್ನೊಂದು ಬದಿಯಲ್ಲಿ ಯಾರೊಂದಿಗೂ ಹಂಚಿಕೊಳ್ಳದ ಎರಡು ಜೋಡಿ ಎಲೆಕ್ಟ್ರಾನುಗಳಿದ್ದು, ಅಲ್ಲಿ ಋಣ ವಿದ್ಯುದಂಶ ಇರುತ್ತದೆ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಈ ಎಲೆಕ್ಟ್ರಾನ್ ಜೋಡಿಯತ್ತ ಮುಖ ಮಾಡಿ ನಿಂತಾಗ ಹುಟ್ಟುವ ಸೆಳೆತವೇ ಹೈಡ್ರೋಜನ್ ಬಂಧ. ಅಣುವಿನೊಳಗೆ ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳನ್ನು ಹಿಡಿದಿಟ್ಟಿರುವ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತನೇ ಒಂದು ಭಾಗ ಮಾತ್ರ. ಬಲ ಕಡಿಮೆಯಾದರೂ ದಿಕ್ಕಿನ ವಿಷಯದಲ್ಲಿ ಅದು ಕಟ್ಟುನಿಟ್ಟು. ಮೂರು ಪರಮಾಣುಗಳೂ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬಂದಾಗಲೇ ಅದು ಚೆನ್ನಾಗಿ ಬಿಗಿಯುವುದು.

ನಮ್ಮ ಕಥೆಗೆ ಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಪ್ರತಿ ಅಣುವಿಗೆ ಕೊಡಲು ಎರಡು ಹೈಡ್ರೋಜನ್, ಪಡೆಯಲು ಎರಡು ಎಲೆಕ್ಟ್ರಾನ್ ಜೋಡಿ. ಒಟ್ಟು ನಾಲ್ಕು ಬಂಧ, ಆದ್ದರಿಂದ ನಾಲ್ಕೇ ನೆರೆಯವರು. ಆ ನಾಲ್ವರೂ ಒಬ್ಬರಿಂದೊಬ್ಬರು ಆದಷ್ಟು ದೂರವಿರುವಂತೆ, ತ್ರಿಕೋನ ತಳದ ಪಿರಮಿಡ್ಡಿನ ನಾಲ್ಕು ಮೂಲೆಗಳಲ್ಲಿ ನಿಲ್ಲುತ್ತಾರೆ. ನಡುವೆ ನಮ್ಮ ಅಣು. ಆ ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಮತ್ತೆ ನಾಲ್ವರು. ಹೀಗೆ ಹೆಣೆಯುತ್ತಾ ಹೋದರೆ ಆರಾರು ಅಣುಗಳ ಉಂಗುರಗಳು ಮೂಡುತ್ತವೆ, ಉಂಗುರಗಳು ಒಂದರ ಮೇಲೊಂದು ಬಂದಾಗ ನಡುವೆ ಕೊಳವೆಯಂಥ ದಾರಿಗಳು ಉಳಿಯುತ್ತವೆ. ಹಿಮದ ಹರಳಿಗೆ ಆರು ಮೂಲೆ ಬರುವುದೂ ಈ ಹೆಣಿಗೆಯಿಂದಲೇ.

ಪ್ರತಿ ಆಕ್ಸಿಜನ್ನಿನ ಸುತ್ತ ನಾಲ್ಕು ಆಕ್ಸಿಜನ್‌ಗಳಿವೆ ಎಂಬ ಚಿತ್ರವನ್ನು 1922ರಲ್ಲಿ ವಿಲಿಯಂ ಬ್ರ್ಯಾಗ್ ಮುಂದಿಟ್ಟರು. ಎಕ್ಸ್-ಕಿರಣಗಳು ಹರಳಿನಿಂದ ಚದುರುವ ರೀತಿ ಅದಕ್ಕೆ ಆಧಾರವಾಗಿತ್ತು. ಹೈಡ್ರೋಜನ್‌ಗಳು ಎಲ್ಲಿರುತ್ತವೆ ಎಂಬ ನಿಯಮ ಬಂದದ್ದು 1933ರಲ್ಲಿ, ಜೆ. ಡಿ. ಬರ್ನಾಲ್ ಮತ್ತು ರಾಲ್ಫ್ ಫೌಲರ್ ಬರೆದ ಪ್ರಬಂಧದಲ್ಲಿ. ಹಿಂದಿನ ವರ್ಷ ದಟ್ಟ ಮಂಜಿನಿಂದಾಗಿ ವಿಮಾನ ಹೊರಡದೆ ಮಾಸ್ಕೋ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಇಬ್ಬರೂ ನೀರಿನ ರಚನೆಯ ಬಗ್ಗೆ ಮಾತಿಗೆ ತೊಡಗಿದ್ದರು, ಆ ಮಾತುಕತೆಯ ಫಲವೇ ಈ ಪ್ರಬಂಧ.

ಈ ಚಿತ್ರ ಸರಿಯೇ ಎಂದು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಮಂಜುಗಡ್ಡೆಯಲ್ಲಿ ಅಕ್ಕಪಕ್ಕದ ಎರಡು ಆಕ್ಸಿಜನ್‌ಗಳ ನಡುವಿನ ಅಂತರ 2.76 ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗವೇ ಆಂಗ್‌ಸ್ಟ್ರಾಂ. ಹರಳಿನಲ್ಲಿ ಮತ್ತೆಮತ್ತೆ ಬರುವ ಪುಟ್ಟ ಪೆಟ್ಟಿಗೆಯ ಗಾತ್ರ ಸುಮಾರು 130 ಘನ ಆಂಗ್‌ಸ್ಟ್ರಾಂ, ಅದರೊಳಗೆ ನಾಲ್ಕು ಅಣುಗಳು. ಅಂದರೆ ಒಂದು ಅಣುವಿನ ಪಾಲಿಗೆ 32.6 ಘನ ಆಂಗ್‌ಸ್ಟ್ರಾಂ ಜಾಗ. ಒಂದು ನೀರಿನ ಅಣುವಿನ ತೂಕವನ್ನು ಈ ಜಾಗದಿಂದ ಭಾಗಿಸಿದರೆ ಬರುವ ಉತ್ತರ ಘನ ಸೆಂಟಿಮೀಟರಿಗೆ 0.917 ಗ್ರಾಂ. ತಕ್ಕಡಿ ಮತ್ತು ಅಳತೆ ಪಾತ್ರೆ ಕೊಡುವ ಸಂಖ್ಯೆಯೂ ಅದೇ. ಕಣ್ಣಿಗೆ ಕಾಣದ ಪೆಟ್ಟಿಗೆಯ ಲೆಕ್ಕ ಕೈಯಲ್ಲಿ ಹಿಡಿಯುವ ತುಂಡಿನ ಲೆಕ್ಕಕ್ಕೆ ಇಷ್ಟು ಕರಾರುವಾಕ್ಕಾಗಿ ಕೂಡಿಬರುವುದನ್ನು ಕಂಡಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಹಣ್ಣಿನಂಗಡಿಯಲ್ಲಿ ಮೂಸಂಬಿ ಪೇರಿಸುವಂತೆ ಇದೇ ಅಣುಗಳನ್ನು ಪೇರಿಸಿದ್ದರೆ ಏನಾಗುತ್ತಿತ್ತು? ರಾಶಿಯ ಒಳಗಿರುವ ಒಂದು ಮೂಸಂಬಿಗೆ ಸುತ್ತ ಆರು, ಮೇಲೆ ಮೂರು, ಕೆಳಗೆ ಮೂರು, ಹೀಗೆ ಒಟ್ಟು ಹನ್ನೆರಡು ಹಣ್ಣುಗಳು ತಗುಲಿಕೊಂಡಿರುತ್ತವೆ. ನೀರಿನ ಅಣುಗಳು ಅದೇ 2.76 ಆಂಗ್‌ಸ್ಟ್ರಾಂ ಅಂತರದಲ್ಲಿ ಹಾಗೆ ಕೂತಿದ್ದರೆ ಒಂದೊಂದಕ್ಕೂ 15 ಘನ ಆಂಗ್‌ಸ್ಟ್ರಾಂ ಸಾಕಾಗುತ್ತಿತ್ತು, ಸಾಂದ್ರತೆ ಸುಮಾರು 2 ಗ್ರಾಂ ಆಗುತ್ತಿತ್ತು. ನಿಜವಾದ ಮಂಜುಗಡ್ಡೆ ಅದರ ಅರ್ಧಕ್ಕಿಂತ ಕಡಿಮೆ. ದ್ರವ ನೀರಿನಲ್ಲಿ ಒಂದು ಅಣುವಿಗೆ ಸಿಗುವ ಜಾಗ ಸುಮಾರು 30 ಘನ ಆಂಗ್‌ಸ್ಟ್ರಾಂ. ಅಂದರೆ ನೀರೂ ಒತ್ತೊತ್ತಾದ ವಸ್ತುವಲ್ಲ, ಮಂಜುಗಡ್ಡೆಯ ಹತ್ತಿರದ ನೆಂಟನೇ. ಕರಗುವಾಗ ಆ ಬಯಲಿನ ಒಂದು ಸಣ್ಣ ಪಾಲು ಮಾತ್ರ ಭರ್ತಿಯಾಗುತ್ತದೆ.

ಅದು ಭರ್ತಿಯಾಗುವುದು ಹೇಗೆ ಎಂಬಲ್ಲಿ ಬಹಳಷ್ಟು ಜನ ಎಡವುತ್ತಾರೆ. ಮಂಜುಗಡ್ಡೆಯಲ್ಲಿ ಅಣುಗಳು ದೂರ ದೂರ ಸರಿಯುತ್ತವೆ, ನೀರಿನಲ್ಲಿ ಹತ್ತಿರ ಬರುತ್ತವೆ ಎಂದುಕೊಳ್ಳುವುದು ಸುಲಭ. ಎಕ್ಸ್-ಕಿರಣಗಳಿಂದ ಅಳೆದಾಗ ಕಂಡದ್ದು ಬೇರೆ. ದ್ರವದಲ್ಲಿ ಬಂಧವಿರುವ ನೆರೆಯವರ ನಡುವಿನ ಅಂತರ ಸುಮಾರು 2.8 ಆಂಗ್‌ಸ್ಟ್ರಾಂ, ಮಂಜುಗಡ್ಡೆಯಲ್ಲಿರುವುದಕ್ಕಿಂತ ಕೊಂಚ ಹೆಚ್ಚೇ. ಆದರೆ ದ್ರವದಲ್ಲಿ ಬಂಧಗಳು ಕ್ಷಣಕ್ಷಣಕ್ಕೂ ಬಾಗುತ್ತವೆ, ಕಳಚುತ್ತವೆ, ಇನ್ನೊಬ್ಬರೊಂದಿಗೆ ಕೂಡಿಕೊಳ್ಳುತ್ತವೆ. ಹೆಣಿಗೆ ಸಡಿಲವಾದಾಗ, ಬಂಧವಿಲ್ಲದ ಐದನೆಯ ಅಣುವೊಂದು ಮೊದಲು ಖಾಲಿಯಿದ್ದ ಜಾಗಕ್ಕೆ ನುಸುಳುತ್ತದೆ. ಹಾಗಾಗಿ ಸರಾಸರಿ ನೆರೆಯವರ ಸಂಖ್ಯೆ ನಾಲ್ಕನ್ನು ಸ್ವಲ್ಪ ದಾಟುತ್ತದೆ. ನೆರೆಯವರು ತುಸು ದೂರ ಸರಿದರೂ ಅವರ ಸಂಖ್ಯೆ ಹೆಚ್ಚಿತು. ನೀರು ಮಂಜುಗಡ್ಡೆಗಿಂತ ಸಾಂದ್ರವಾಗಿರುವುದು ಇದರಿಂದ.

ಕರಗುವಾಗ ಹೆಣಿಗೆಯೆಲ್ಲ ಕಡಿದುಹೋಗುವುದಿಲ್ಲ ಎಂಬುದಕ್ಕೆ ಶಾಖದ ಲೆಕ್ಕ ಸಾಕ್ಷಿ. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 334 ಜೌಲ್ ಬೇಕು. ಅದೇ ಒಂದು ಗ್ರಾಂನ ಅಣುಗಳನ್ನು ಪೂರ್ತಿ ಬಿಡಿಬಿಡಿಯಾಗಿಸಿ ಆವಿ ಮಾಡಲು ಸುಮಾರು 2,830 ಜೌಲ್ ಬೇಕು. ಕರಗಿಸಲು ಅದರ ಎಂಟನೇ ಒಂದು ಭಾಗದಷ್ಟೂ ಖರ್ಚಾಗುವುದಿಲ್ಲ. ಬಾಗಿದ ಬಂಧವನ್ನು ಬಂಧವೆಂದು ಎಣಿಸಬೇಕೋ ಬೇಡವೋ ಎಂಬ ತಕರಾರು ಇರುವುದರಿಂದ ಎಷ್ಟು ಬಂಧ ಉಳಿದವು ಎಂದು ಒಂದೇ ಸಂಖ್ಯೆಯಲ್ಲಿ ಹೇಳಲಾಗದು. ಹೆಚ್ಚಿನವು ಉಳಿದಿವೆ ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಕರಗಿದ ಮೇಲೂ ನೀರು 4 ಡಿಗ್ರಿಯವರೆಗೆ ಕುಗ್ಗುತ್ತಲೇ ಇರುವುದು ಉಳಿದ ಹೆಣಿಗೆ ಇನ್ನಷ್ಟು ಕುಸಿಯುವುದರಿಂದ. ಅಲ್ಲಿಂದಾಚೆಗೆ ಬಿಸಿಯಿಂದಾಗುವ ಸಾಮಾನ್ಯ ಹಿಗ್ಗುವಿಕೆಯ ಕೈ ಮೇಲಾಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಹೈಡ್ರೋಜನ್ ಬಂಧ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಸಾಲು ಸಾಲದು. ಅಮೋನಿಯಾದಲ್ಲೂ ಹೈಡ್ರೋಜನ್ ಬಂಧಗಳಿವೆ, ಆದರೂ ಗಟ್ಟಿ ಅಮೋನಿಯಾ ತನ್ನ ದ್ರವದಲ್ಲಿ ಮುಳುಗುತ್ತದೆ. ಅದರ ಅಣುವಿನಲ್ಲಿ ಕೊಡಲು ಮೂರು ಹೈಡ್ರೋಜನ್, ಪಡೆಯಲು ಒಂದೇ ಎಲೆಕ್ಟ್ರಾನ್ ಜೋಡಿ. ನಾಲ್ಕು ದಿಕ್ಕಿನ ತೆರೆದ ಹೆಣಿಗೆ ಅದಕ್ಕೆ ಕಟ್ಟಲು ಬರುವುದಿಲ್ಲ. ಇನ್ನೊಂದು ಕಡೆ ಸಿಲಿಕಾನ್ ನೋಡಿ. ಅದರಲ್ಲಿ ಹೈಡ್ರೋಜನ್ ಇಲ್ಲವೇ ಇಲ್ಲ, ಆದರೂ ಗಟ್ಟಿ ಸಿಲಿಕಾನ್ ತನ್ನ ದ್ರವದ ಮೇಲೆ ತೇಲುತ್ತದೆ. ಏಕೆಂದರೆ ಅಲ್ಲಿಯೂ ಪ್ರತಿ ಪರಮಾಣುವಿಗೆ ಅದೇ ಪಿರಮಿಡ್ ಜೋಡಣೆಯಲ್ಲಿ ನಾಲ್ಕೇ ನೆರೆಯವರು, ಕರಗಿದಾಗ ಆ ಕಟ್ಟು ಕುಸಿಯುತ್ತದೆ. ಹಗುರತನದ ಮೂಲ ಈ ನಾಲ್ಕರ ಲೆಕ್ಕದಲ್ಲಿದೆ. ನೀರಿನಲ್ಲಿ ಆ ನಾಲ್ಕನ್ನು ನಿಗದಿ ಮಾಡುವುದು ಹೈಡ್ರೋಜನ್ ಬಂಧ.

ಒಳಗೆ ನಿಜಕ್ಕೂ ಅಷ್ಟು ಜಾಗವಿದ್ದರೆ ಅದುಮಿದಾಗ ಗೊತ್ತಾಗಬೇಕಲ್ಲವೇ? 1900ರಲ್ಲಿ ಗುಸ್ಟಾಫ್ ಟಾಮನ್, ಅನಂತರ ಅಮೆರಿಕದ ಪರ್ಸಿ ಬ್ರಿಜ್‌ಮನ್ ಅದನ್ನೇ ಮಾಡಿ ನೋಡಿದರು. ವಾತಾವರಣದ ಒತ್ತಡದ ಸುಮಾರು 2,000 ಪಟ್ಟು ಒತ್ತಿದರೆ ನೀರು ಮೈನಸ್ 22 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ, ಹಿಗ್ಗಲು ಎಡೆಯಿಲ್ಲದ್ದರಿಂದ ದ್ರವವಾಗಿಯೇ ಉಳಿಯುತ್ತದೆ. ಇನ್ನೂ ಒತ್ತಿದರೆ ಬೇರೆಯೇ ಬಗೆಯ ಮಂಜುಗಡ್ಡೆ ಹುಟ್ಟುತ್ತದೆ, ಅದು ನೀರಿಗಿಂತ ಭಾರ. ವಿಶೇಷವೆಂದರೆ ಅದರಲ್ಲಿಯೂ ಪ್ರತಿ ಅಣುವಿಗೆ ನಾಲ್ಕೇ ಬಂಧಗಳು. ನಾಲ್ಕನ್ನು ಬಿಟ್ಟುಕೊಡದೆ, ಬಂಧಗಳನ್ನು ಬಾಗಿಸಿ ಅಣುಗಳು ಹತ್ತಿರ ಸರಿದಿರುತ್ತವೆ.

ಒತ್ತಡ 21,000 ಪಟ್ಟು ದಾಟಿದಾಗ ಸಿಗುವ ಏಳನೆಯ ಮಂಜುಗಡ್ಡೆಯಲ್ಲಿ ಬಾಗಿಸುವುದೂ ಸಾಲದೆ ಹೋಗುತ್ತದೆ. ಆಗ ಒಂದು ಹೆಣಿಗೆಯ ಖಾಲಿ ಜಾಗದೊಳಗೆ ಇನ್ನೊಂದು ಪೂರ್ತಿ ಹೆಣಿಗೆಯೇ ತೂರಿಕೊಳ್ಳುತ್ತದೆ. ಎರಡೂ ಒಂದರೊಳಗೊಂದು ಹಾದುಹೋದರೂ ಅವುಗಳ ನಡುವೆ ಒಂದು ಬಂಧವೂ ಇಲ್ಲ. ಪ್ರತಿ ಅಣುವಿಗೆ ಎಂಟು ನೆರೆಯವರು, ಬಂಧವಿರುವುದು ನಾಲ್ವರೊಂದಿಗೆ ಮಾತ್ರ. ಸಾಂದ್ರತೆ ಸುಮಾರು 1.65 ಗ್ರಾಂಗೆ ಏರುತ್ತದೆ. ಇದನ್ನು ಎರಡರಿಂದ ಭಾಗಿಸಿ ನೋಡಿ. ಒಂದೊಂದು ಹೆಣಿಗೆಯ ಪಾಲಿಗೆ ಬರುವುದು 0.83ರಷ್ಟು, ಅಂದರೆ ನಮ್ಮ ಫ್ರಿಜ್ಜಿನ ಮಂಜುಗಡ್ಡೆಗಿಂತಲೂ ಕಡಿಮೆ. ಇನ್ನೊಂದಕ್ಕೆ ಜಾಗ ಮಾಡಿಕೊಡಲು ಪ್ರತಿ ಹೆಣಿಗೆಯೂ ತನ್ನ ಬಂಧಗಳನ್ನು ಕೊಂಚ ಉದ್ದ ಮಾಡಿಕೊಂಡಿದೆ. ಪ್ರಯೋಗಾಲಯದಲ್ಲಿ ಮಾತ್ರ ಕಂಡಿದ್ದ ಈ ಮಂಜುಗಡ್ಡೆ 2018ರಲ್ಲಿ, ಭೂಮಿಯ ಆಳದಿಂದ ಬಂದ ವಜ್ರಗಳೊಳಗೆ ಸಿಕ್ಕಿಕೊಂಡಿದ್ದ ನೀರಿನಲ್ಲಿ ಪತ್ತೆಯಾಯಿತು. ವಜ್ರದ ಗಟ್ಟಿ ಗೋಡೆಗಳು ಆಳದ ಒತ್ತಡವನ್ನು ಹಾಗೆಯೇ ಹಿಡಿದಿಟ್ಟುಕೊಂಡಿದ್ದರಿಂದ ಅದು ನೆಲದ ಮೇಲೆ ಬಂದರೂ ಕರಗಿರಲಿಲ್ಲ.