ಚಕ್ರಕ್ಕೆ ಹಿಡಿಯುವ ಬಿಳಿಯ ಬೂಷ್ಟು

ಮಲ್ಪೆಯ ಕಡಲತೀರಕ್ಕೆ ಸಮೀಪದಲ್ಲಿಯೇ ಮನೆಮಾಡಿಕೊಂಡಿರುವ ನಮ್ಮ ಸಹೋದ್ಯೋಗಿಯೊಬ್ಬರ ಕಾರಿನ ಟೈರೊಂದು 2023ರ ಮಳೆಗಾಲ ಕಳೆದ ಮೇಲೆ ಒಂದು ವಿಚಿತ್ರವಾದ ಹಟ ಹಿಡಿಯಿತು. 33 ಪೌಂಡು ಗಾಳಿ ತುಂಬಿಸಿದರೆ ಎಂಟು ದಿನಗಳಲ್ಲಿ ಅದು 26 ಪೌಂಡಿಗೆ ಇಳಿದಿರುತ್ತಿತ್ತು. ಮೊಳೆ ಚುಚ್ಚಿರಲಿಲ್ಲ, ವಾಲ್ವು ಸರಿಯಾಗಿತ್ತು. ಕೊನೆಗೆ ಪಂಕ್ಚರು ಅಂಗಡಿಯವನು ಟೈರೂ ಚಕ್ರವೂ ಕೂಡುವ ಅಂಚಿಗೆ ಸಾಬೂನಿನ ನೀರನ್ನು ಸವರಿ ನೋಡಿದಾಗ, ಒಂದೆಡೆ ಗೇಣುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಟೈರನ್ನು ಕಳಚಿದ ಮೇಲೆ ಅವನು ನಮಗೆ ಚಕ್ರದ ಒಳ ಅಂಚನ್ನು ತೋರಿಸಿ, "ಟಯರಿಗೆ ಏನೂ ಆಗ್ಲಿಲ್ಲ ಸರ್, ರಿಮ್ಮಿಗೆ ಬೂಷ್ಟು ಹಿಡಿದದ್ದು" ಎಂದನು.

ಅದು ಬೂಷ್ಟಲ್ಲ, ಆದರೂ ಆ ಮಾತು ಅವನಿಗೇ ತಿಳಿಯದಷ್ಟು ಸತ್ಯಕ್ಕೆ ಹತ್ತಿರವಾಗಿತ್ತು. ಚಕ್ರದ ಹೊರಮುಖದಲ್ಲಿ, ಹೊಳೆಯುವ ಮೆರುಗೆಣ್ಣೆಯ ಪದರದ ಅಡಿಯಲ್ಲಿ, ಬಿಳಿಯ ಎಳೆಗಳು ಬೇರುಗಳಂತೆ ಹರಡಿಕೊಂಡಿದ್ದವು. ಒಂದೊಂದೂ ಹೊಲಿಗೆಯ ದಾರದಷ್ಟು ದಪ್ಪ. ಎಲ್ಲವೂ ಯಾವುದೋ ಒಂದು ಗೀರಿನಿಂದಲೋ, ಕಲ್ಲುತಾಗಿದ ಚುಕ್ಕೆಯಿಂದಲೋ ಹೊರಟಿದ್ದವು. ಉಗುರಿನಿಂದ ಕೆರೆದರೆ ಪದರವು ಸಿಪ್ಪೆಯಂತೆ ಎದ್ದು, ಅದರಡಿಯಿಂದ ಸುಣ್ಣದಂತಹ ಹಿಟ್ಟು ಉದುರುತ್ತಿತ್ತು. ಸಹೋದ್ಯೋಗಿಯವರು ಆರು ತಿಂಗಳಿಂದ ಈ ಹಿಟ್ಟನ್ನು ಪ್ರತಿ ಭಾನುವಾರ ಒರೆಸುತ್ತ ಬಂದಿದ್ದರು. ಒರೆಸಿದಂತೆಲ್ಲ ಎಳೆಗಳು ಉದ್ದವಾದವು. ಹೀಗೇಕಾಯಿತು ಎಂಬುದೇ ಈ ಲೇಖನದ ವಿಷಯ.

ಅಲಾಯ್ ವೀಲ್ ಎಂದು ನಾವು ಕರೆಯುವ ಚಕ್ರವು ಬಹುಮಟ್ಟಿಗೆ ಅಲ್ಯೂಮಿನಿಯಂ. ಅದಕ್ಕೆ ನೂರಕ್ಕೆ ಸುಮಾರು 7 ಪಾಲು ಸಿಲಿಕಾನನ್ನೂ ಅತ್ಯಲ್ಪ ಮೆಗ್ನೀಸಿಯಮನ್ನೂ ಬೆರೆಸಿ ಎರಕ ಹೊಯ್ಯುತ್ತಾರೆ. ಅಲ್ಯೂಮಿನಿಯಂ ಸ್ವಭಾವತಃ ಆಮ್ಲಜನಕದೊಡನೆ ಬಹು ಬೇಗ ಕೂಡುವ ಲೋಹ. ಹಾಗಿದ್ದರೂ ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳು ವರ್ಷಗಟ್ಟಲೆ ಬಾಳುತ್ತವೆ. ಗಾಳಿ ಸೋಕಿದೊಡನೆ ಲೋಹದ ಮೇಲೆ ಆಕ್ಸೈಡಿನ ಒಂದು ಪೊರೆ ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂತಹ ಕೆಲವೇ ಭಾಗಗಳಷ್ಟು ದಪ್ಪವಿರುವ ಈ ಪೊರೆ, ಒಳಗಿನ ಲೋಹಕ್ಕೆ ಕವಚವಾಗಿ ನಿಲ್ಲುತ್ತದೆ. ಹರಿದರೂ ಮರುಕ್ಷಣವೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಎರಡು ಸಂದರ್ಭಗಳಲ್ಲಿ ಇದಕ್ಕೆ ಉಳಿಗಾಲವಿಲ್ಲ: ತೀವ್ರ ಆಮ್ಲ ಅಥವಾ ತೀವ್ರ ಕ್ಷಾರ ಅದನ್ನು ಕರಗಿಸುತ್ತದೆ, ಕ್ಲೋರೈಡ್ ಅಯಾನುಗಳು ಅದರ ದುರ್ಬಲ ಜಾಗಗಳನ್ನು ಹುಡುಕಿ ತೂತು ಮಾಡುತ್ತವೆ.

ಕಡಲ ಗಾಳಿಯಲ್ಲಿ ಈ ಕ್ಲೋರೈಡಿಗೆ ಕೊರತೆಯಿಲ್ಲ. ತೆರೆಗಳು ಒಡೆಯುವಾಗ ಸಿಡಿಯುವ ತುಂತುರು ಗಾಳಿಯಲ್ಲಿ ತೇಲಿಬಂದು ಎಲ್ಲದರ ಮೇಲೂ ಕುಳಿತುಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಡುಗೆಯ ಶುದ್ಧ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ಮೀರಿದಾಗ ಮಾತ್ರ ತೇವವನ್ನು ಹೀರಿ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಾದರೋ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು 33ರ ಆಸುಪಾಸಿನ ಆರ್ದ್ರತೆಯಲ್ಲಿಯೇ ಒದ್ದೆಯಾಗುತ್ತದೆ. ಆದುದರಿಂದ ಕರಾವಳಿಯಲ್ಲಿ ಕಣ್ಣಿಗೆ ಒಣಗಿದಂತೆ ಕಾಣುವ ಚಕ್ರದ ಮೇಲೂ ಉಪ್ಪುನೀರಿನ ತೆಳು ಪೊರೆಯೊಂದು ವರ್ಷದ ಬಹುಕಾಲ ಇದ್ದೇ ಇರುತ್ತದೆ.

ಇನ್ನು ಎಳೆಯ ಸಂಗತಿ. ಮೆರುಗೆಣ್ಣೆಯಲ್ಲಿ ಒಂದು ಗೀರು ಬಿದ್ದಿತೆನ್ನೋಣ. ಉಪ್ಪುನೀರು ಒಳಗಿಳಿದು ಪದರದ ಕೆಳಗೆ ನುಸುಳುತ್ತದೆ. ಗೀರಿನ ಬಾಯಿಗೆ ಗಾಳಿಯ ಸಂಪರ್ಕವಿದೆ, ಒಳತುದಿಗೆ ಇಲ್ಲ. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವನ್ನು ಹೂಡುತ್ತದೆ. ಆಮ್ಲಜನಕವಿಲ್ಲದ ತುದಿಯಲ್ಲಿ ಅಲ್ಯೂಮಿನಿಯಂ ಪರಮಾಣುಗಳು ಇಲೆಕ್ಟ್ರಾನುಗಳನ್ನು ಲೋಹಕ್ಕೇ ಬಿಟ್ಟುಕೊಟ್ಟು ತಾವು ಅಯಾನುಗಳಾಗಿ ದ್ರಾವಣಕ್ಕೆ ಇಳಿಯುತ್ತವೆ. ಆ ಇಲೆಕ್ಟ್ರಾನುಗಳು ಲೋಹದ ಮೂಲಕ ಹಿಂದಕ್ಕೆ ಹರಿದು, ಗಾಳಿ ದೊರೆಯುವ ಕಡೆ ಆಮ್ಲಜನಕವನ್ನು ಸೇರುತ್ತವೆ. ಇತ್ತ ಅಲ್ಯೂಮಿನಿಯಂ ಅಯಾನುಗಳು ನೀರಿನೊಡನೆ ವರ್ತಿಸುತ್ತವೆ:

Al³⁺ + 3H₂O → Al(OH)₃ + 3H⁺

ಇದರಲ್ಲಿ ಹುಟ್ಟಿದ Al(OH)₃, ಎಂದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ನಮ್ಮ ಬಿಳಿಯ ಹಿಟ್ಟು. H⁺ ಅಯಾನುಗಳಾದರೋ ತುದಿಯ ಹನಿಯನ್ನು ಆಮ್ಲವನ್ನಾಗಿ ಮಾಡುತ್ತವೆ. ಆಮ್ಲವು ಮುಂದಿನ ಆಕ್ಸೈಡ್ ಪೊರೆಯನ್ನು ಕರಗಿಸುತ್ತದೆ, ಎಳೆ ಮುಂದಕ್ಕೆ ಸರಿಯುತ್ತದೆ, ಹಿಟ್ಟು ಹಿಂದೆ ಬಾಲವಾಗಿ ಉಳಿಯುತ್ತದೆ. ಸಡಿಲವಾದ ಆ ಹಿಟ್ಟಿನ ಸಂದುಗಳಲ್ಲಿ ಗಾಳಿಯೂ ಒಳಬರುತ್ತದೆ.

ಕ್ಲೋರೈಡ್ ಏನಾಯಿತು? ಮೇಲಿನ ಸಮೀಕರಣದಲ್ಲಿ ಅದರ ಹೆಸರೇ ಇಲ್ಲ. ಅದು ಖರ್ಚಾಗುವುದಿಲ್ಲ. ಧನವಿದ್ಯುತ್ತಿನ ಅಲ್ಯೂಮಿನಿಯಂ ಅಯಾನುಗಳ ಸೆಳೆತಕ್ಕೆ ಸಿಕ್ಕಿ ಅದು ಸದಾ ಎಳೆಯ ತಲೆಯಲ್ಲಿಯೇ ಇರುತ್ತದೆ. ಒಮ್ಮೆ ಒಳಹೊಕ್ಕ ಚಿಟಿಕೆ ಉಪ್ಪು ಮತ್ತೆ ಮತ್ತೆ ಅದೇ ಕೆಲಸವನ್ನು ಮಾಡುತ್ತ ಹೋಗುತ್ತದೆ. ಹೊರಗಿನಿಂದ ಹೊಸ ಉಪ್ಪು ಬರಬೇಕೆಂದೇನೂ ಇಲ್ಲ, ತೇವವೊಂದಿದ್ದರೆ ಸಾಕು. ಭಾನುವಾರಗಳ ಒರಸುವಿಕೆ ಏಕೆ ವ್ಯರ್ಥವಾಯಿತೆಂಬುದು ಈಗ ಸ್ಪಷ್ಟ. ಕಾಣುವ ಬಿಳುಪು ಬಾಲ. ಕೆಲಸ ನಡೆಯುತ್ತಿರುವುದು ತಲೆಯಲ್ಲಿ. ಆ ತಲೆ ಇರುವ ಜಾಗವೋ, ಇನ್ನೂ ಹೊಳೆಯುತ್ತಿರುವ ಪದರದ ಅಡಿಯಲ್ಲಿ!

ಹಿಟ್ಟು ಪದರವನ್ನು ಎಬ್ಬಿಸುವುದಕ್ಕೂ ಸುಲಭವಾದ ಲೆಕ್ಕವಿದೆ. 27 ಗ್ರಾಂ ಅಲ್ಯೂಮಿನಿಯಂ ಸುಮಾರು 10 ಘನ ಸೆಂಟಿಮೀಟರ್ ಜಾಗವನ್ನು ಹಿಡಿಯುತ್ತದೆ. ಅದರಿಂದ ದೊರೆಯುವ 78 ಗ್ರಾಂ ಹೈಡ್ರಾಕ್ಸೈಡಿಗೆ ಬೇಕಾದದ್ದು 32 ಘನ ಸೆಂಟಿಮೀಟರ್. ಮೂರುಪಟ್ಟಿಗೂ ಮಿಗಿಲಾಗಿ ಉಬ್ಬಿದ ಪದಾರ್ಥ ಮೆರುಗೆಣ್ಣೆಯನ್ನು ಎತ್ತದೆ ಬಿಡುತ್ತದೆಯೆ? ಟೈರಿನ ಅಂಚು ಕೂರುವ ಜಾಗದಲ್ಲಿ ಇದೇ ಉಬ್ಬು ರಬ್ಬರನ್ನು ಲೋಹದಿಂದ ದೂರ ತಳ್ಳಿ ಗಾಳಿಗೆ ದಾರಿ ಮಾಡಿಕೊಟ್ಟಿತ್ತು.

ಎಳೆಗಳು ಹೊರಡುವ ಜಾಗಗಳು ಬಹುಮಟ್ಟಿಗೆ ಗೊತ್ತಾದವೇ. ಚಕ್ರದ ತೂಕವನ್ನು ಸರಿದೂಗಿಸಲು ಅಂಚಿಗೆ ಸಿಕ್ಕಿಸುವ ಉಕ್ಕಿನ ಕೊಕ್ಕೆ ಪದರವನ್ನು ಗಾಯಗೊಳಿಸುವುದಲ್ಲದೆ, ಅಲ್ಯೂಮಿನಿಯಮ್ಮಿಗೆ ಜೊತೆಯಾಗಿ ನಿಂತು ವಿದ್ಯುತ್ಕೋಶವನ್ನೂ ಬಲಪಡಿಸುತ್ತದೆ. ಕಡೆದು ಹೊಳಪು ಕೊಟ್ಟ ಮುಖದ ಚೂಪಾದ ಏಣುಗಳು ಇನ್ನೊಂದು: ಒಣಗುವ ಮುನ್ನ ಮೆರುಗೆಣ್ಣೆಯು ಮೇಲ್ಮೈ ಎಳೆತದಿಂದ ಏಣಿನಿಂದ ಹಿಂದೆ ಸರಿಯುತ್ತದೆ, ಆದುದರಿಂದ ಅಲ್ಲಿ ಪದರ ತೀರ ತೆಳು.

ನಾವೂ ಸಹೋದ್ಯೋಗಿಯವರೂ ಕೂಡಿ ದುರಸ್ತಿಗೆ ತೊಡಗಿದೆವು. ಬಿಳಿಯ ಕಲೆಯೆಲ್ಲವೂ ಲೋಹಕ್ಷಯವಲ್ಲ. ಆದುದರಿಂದ ಮೊದಲು ತಣ್ಣಗಿರುವ ಚಕ್ರವನ್ನು ಸಿಹಿನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆದು ನೋಡಿದೆವು. ಮೇಲೆ ಕುಳಿತ ಉಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ. ಹೈಡ್ರಾಕ್ಸೈಡ್ ಕರಗುವುದಿಲ್ಲ, ಒದ್ದೆಯಾದಾಗ ಮಂಕಾಗಿ, ಒಣಗಿದೊಡನೆ ಮತ್ತೆ ಬೆಳ್ಳಗಾಗುತ್ತದೆ. ತೀವ್ರವಾದ ಆಮ್ಲದ್ರಾವಣಗಳನ್ನಾಗಲಿ ಕಾಸ್ಟಿಕ್ ಸೋಡವನ್ನಾಗಲಿ ಇಲ್ಲಿಗೆ ತರಲೇಬಾರದು. ಅವು ಕಲೆಯೊಡನೆ ಲೋಹವನ್ನೂ ತಿನ್ನುತ್ತವೆ.

ಅನಂತರ, ಟೈರನ್ನು ತೆಗೆದ ಚಕ್ರದ ಮೇಲೆ, ಬಿಳುಪು ಮುಗಿದ ಗೆರೆಯಿಂದಾಚೆಗೂ ಒಂದು ಸೆಂಟಿಮೀಟರಿನವರೆಗೆ ಮೆರುಗೆಣ್ಣೆಯನ್ನು ತೆಗೆದೆವು. ಎಳೆಯ ತಲೆ ಉಳಿದರೆ ಉಳಿದ ಶ್ರಮವೆಲ್ಲ ನೀರುಪಾಲು. ಇದಕ್ಕೆ ಬಣ್ಣದವರು ವಾಟರ್ ಪೇಪರ್ ಎನ್ನುವ ಉಜ್ಜುಕಾಗದ ಬೇಕು. 240ನೆಯ ನಂಬರಿನಿಂದ ಆರಂಭಿಸಿ 400, 600ಕ್ಕೆ ಏರಿದೆವು. ಉಕ್ಕಿನ ತಂತಿಬ್ರಷ್ಷು ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಅದು ಲೋಹದಲ್ಲಿ ಹುದುಗಿಸುವ ಉಕ್ಕಿನ ಕಣಗಳು ನಾಳಿನ ಕಿಲುಬಿಗೆ ಬೀಜ. ಒದ್ದೆಯಾಗಿ ಉಜ್ಜುವುದು, ಮೂಗಿಗೆ ಮುಸುಕು ಧರಿಸುವುದು, ಇವೆರಡೂ ಧೂಳಿನಿಂದ ರಕ್ಷಿಸುತ್ತವೆ.

ಮೊದಲ ಸಲ ನಾವು ಸೋತೆವು. ಲೋಹ ಬೆಳ್ಳಿಯಂತೆ ಹೊಳೆಯಿತೆಂದು ಸಂತೋಷಪಟ್ಟು ಅಂದೇ ಮೆರುಗೆಣ್ಣೆ ಹೊಡೆದೆವು. ಐದು ವಾರಗಳಲ್ಲಿ ಪದರದಲ್ಲಿ ಸೂಜಿಮೊನೆಯಂತಹ ಗುಳ್ಳೆಗಳೆದ್ದವು. ಕಣ್ಣಿಗೆ ಕಾಣದ ಕುಳಿಗಳ ತಳದಲ್ಲಿ ಉಪ್ಪು ಉಳಿದಿತ್ತು. ಅದು ಪದರದ ಮೂಲಕವೇ ನೀರನ್ನು ಒಳಕ್ಕೆ ಸೆಳೆದುಕೊಂಡಿತ್ತು. ಎರಡನೆಯ ಸಲ ಒಂದು ಪರೀಕ್ಷೆಯನ್ನು ಸೇರಿಸಿದೆವು. ಉಜ್ಜಿ ತೊಳೆದು ಒಣಗಿಸಿದ ಚಕ್ರವನ್ನು ಒಂದು ರಾತ್ರಿ ತೇವದ ಗಾಳಿಯಲ್ಲಿ ಹಾಗೆಯೇ ಬಿಟ್ಟೆವು. ಬೆಳಗ್ಗೆ ಭೂತಗನ್ನಡಿಯಿಂದ ನೋಡಿದಾಗ ನಾಲ್ಕು ಕುಳಿಗಳ ಬಾಯಲ್ಲಿ ಬಿಳಿಯ ಚುಕ್ಕೆಗಳು ಮೂಡಿದ್ದವು! ಅವನ್ನು ಇನ್ನಷ್ಟು ಆಳಕ್ಕೆ ಉಜ್ಜಿ, ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆದೆವು. ಮೂರನೆಯ ಬೆಳಗ್ಗೆ ಚುಕ್ಕೆಗಳಿರಲಿಲ್ಲ.

ಆಮೇಲೆ ತಡಮಾಡುವಂತಿಲ್ಲ. ಹಗುರವಾಗಿ ಮತ್ತೊಮ್ಮೆ ಉಜ್ಜಿ, ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡನ್ನು ಒರೆಸಿ, ಗಂಟೆಯೊಳಗಾಗಿ ಅಲ್ಯೂಮಿನಿಯಮ್ಮಿಗೆ ಹಿಡಿಯುವ ಎಪಾಕ್ಸಿ ಪ್ರೈಮರನ್ನು ಹೊಡೆದೆವು. ಬರಿಯ ನುಣ್ಣನೆಯ ಲೋಹಕ್ಕೆ ಮೆರುಗೆಣ್ಣೆ ಚೆನ್ನಾಗಿ ಕಚ್ಚುವುದಿಲ್ಲ. ಪ್ರೈಮರಿನ ಮೇಲೆ ಬೆಳ್ಳಿಬಣ್ಣ, ಅದರ ಮೇಲೆ ಮೂರು ತೆಳುವಾದ ಪದರ ಮೆರುಗೆಣ್ಣೆ, ಪ್ರತಿ ಪದರಕ್ಕೂ ನಡುವೆ ಹದಿನೈದು ನಿಮಿಷ. ವಾಲ್ವಿನ ತೂತು, ನಟ್ಟುಗಳು ಕೂರುವ ಬಟ್ಟಲು, ಅಚ್ಚಿಗೆ ತಾಗುವ ಹಿಂಬದಿ, ಇವಕ್ಕೆ ಕಾಗದ ಅಂಟಿಸಿ ಬಣ್ಣ ಸೋಕದಂತೆ ನೋಡಿಕೊಂಡೆವು. ಅಲ್ಲಿ ಬಣ್ಣದ ಪದರ ಉಳಿದರೆ ನಟ್ಟಿನ ಹಿಡಿತ ಸಡಿಲವಾದೀತು. ಟೈರು ಕೂರುವ ಅಂಚಿಗೆ ತೆಳುವಾದ ಪ್ರೈಮರ್ ಮಾತ್ರ.

ಈ ಕೆಲಸಕ್ಕೆ ನಾವು ಜನವರಿಯ ಒಂದು ಮಧ್ಯಾಹ್ನವನ್ನು ಆರಿಸಿಕೊಂಡೆವು. ಮೆರುಗೆಣ್ಣೆಯ ದ್ರಾವಕ ಆವಿಯಾಗುವಾಗ ಶಾಖವನ್ನು ಹೀರಿ ಪದರವನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ಇಬ್ಬನಿ ಕಟ್ಟಿ ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪನ್ನು ಕಂಡು ಲೋಹಕ್ಷಯವೇ ಮರಳಿತೆಂದು ಗಾಬರಿಯಾಗುವವರುಂಟು.

ಸಹೋದ್ಯೋಗಿಯವರ ಇನ್ನೊಂದು ಚಕ್ರವನ್ನು ನಾವು ಮುಟ್ಟಲಿಲ್ಲ. ಅದರ ಅಂಚಿನಲ್ಲಿ ಒಂದು ಕುಳಿ ಉಗುರು ಇಳಿಯುವಷ್ಟು ಆಳವಾಗಿತ್ತು, ಅದರಿಂದ ಕೂದಲೆಳೆಯಂತಹ ಬಿರುಕೊಂದು ಹೊರಟಿತ್ತು. ಬಿರುಕು ಬಿಟ್ಟ ಚಕ್ರಕ್ಕೆ ಬಣ್ಣ ಹಚ್ಚುವುದೆಂದರೆ ಅಪಾಯವನ್ನು ಕಣ್ಣಿಗೆ ಕಾಣದಂತೆ ಮುಚ್ಚುವುದು. ಅದನ್ನು ಗುಜರಿಗೆ ಹಾಕಿ ಹೊಸದನ್ನು ತಂದರು. ದುರಸ್ತಿಯಾದ ಚಕ್ರ 2024ರ ಮಳೆಗಾಲವನ್ನು ಕಳೆಯಿತು. ಅಕ್ಟೋಬರಿನಲ್ಲಿ ಅಳೆದಾಗ ತಿಂಗಳಿಗೆ ಒಂದು ಪೌಂಡಿನಷ್ಟು ಮಾತ್ರ ಗಾಳಿ ಇಳಿಯುತ್ತಿತ್ತು. ಅಷ್ಟು ಯಾವ ಟೈರಿನಲ್ಲಾದರೂ ಇಳಿಯುವುದುಂಟು. ಹೊರಮುಖದ ಒಂದು ಏಣಿನಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಉದ್ದದ ಹೊಸ ಎಳೆಯೊಂದು ಕಾಣಿಸಿತು. ಸಹೋದ್ಯೋಗಿಯವರು ಈ ಸಲ ಅದನ್ನು ಒರೆಸಲಿಲ್ಲ. ಉಜ್ಜುಕಾಗದವನ್ನು ಹುಡುಕಿಕೊಂಡು ಒಳಗೆ ಹೋದರು.